ತೂಬು ಮೊದಲು, ಚರಿತ್ರೆ ಆಮೇಲೆ
(ವರದಿಯಲ್ಲಿ ತೀರ್ಮಾನ ಎಲ್ಲಿರಬೇಕು ಎಂಬುದನ್ನು ಕುರಿತ ದತ್ತಿ ಉಪನ್ಯಾಸ)



ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವರದಿ ಓದುವವರು ಏನು ಮಾಡಬೇಕು ಎಂಬುದು ಅದರ ಮೊದಲ ವಾಕ್ಯದಲ್ಲಿರಬೇಕು. ಯಾಕೆ ಮಾಡಬೇಕು ಎಂಬುದು ಎರಡನೆಯ ವಾಕ್ಯದಲ್ಲಿ ಬರಬೇಕು. ನಾವು ಹೋದದ್ದು, ನೋಡಿದ್ದು, ಕೇಳಿದ್ದು, ಅಳೆದದ್ದು ಎಲ್ಲ ಅದರ ಹಿಂದೆ ಬಂದು ಆ ಎರಡು ವಾಕ್ಯಗಳಿಗೆ ಆಧಾರವಾಗಿ ನಿಲ್ಲಬೇಕು. ಬರೆದಾಗಿರುವ ವರದಿಯನ್ನು ಹೀಗೆ ಮರುಜೋಡಿಸುವುದಕ್ಕೆ ಒಂದು ಕ್ರಮವಿದೆ. ನಾನೇ ಬರೆದು ಕೊಟ್ಟ ಒಂದು ವರದಿಯನ್ನು ನಿಮ್ಮ ಮುಂದೆ ಬಿಚ್ಚಿಟ್ಟು ಆ ಕ್ರಮವನ್ನು ತೋರಿಸುತ್ತೇನೆ.

ಆ ನಾಲ್ಕು ಪುಟ

ನಾನಾಗ ಕೆರೆಗಳ ಉಸ್ತುವಾರಿ ಇದ್ದ ಒಂದು ಉಪವಿಭಾಗದಲ್ಲಿ ಕಿರಿಯ ಎಂಜಿನಿಯರ್. ಹಿಂಗಾರು ಮಳೆ ಚೆನ್ನಾಗಿ ಹಿಡಿದು ಕೆರೆಗಳೆಲ್ಲ ತುಂಬಿದ್ದವು. ಒಂದು ಸೋಮವಾರ ಸಂಜೆ ಒಂದು ಕೆರೆಯ ಏರಿ ನೋಡಲು ಹೋದೆ. ಏರಿಯ ಉದ್ದ 620 ಮೀಟರ್, ಎತ್ತರ 7 ಮೀಟರ್. ನೀರು ಕೋಡಿಗಿಂತ ಒಂದು ಅಡಿ ಕೆಳಗಿತ್ತು. ತೂಬಿನಿಂದ ಸುಮಾರು 40 ಮೀಟರ್ ಆಚೆ, ಏರಿಯ ಹಿಂಬದಿಯ ಬುಡದಲ್ಲಿ ಒಂದು ಕಡೆ ನೀರು ಉಕ್ಕುತ್ತಿತ್ತು. ಉಕ್ಕುವ ಜಾಗದ ಸುತ್ತ ಇರುವೆ ಗೂಡಿನ ಹಾಗೆ ಸಣ್ಣ ಮಣ್ಣಿನ ದಿಬ್ಬ ಕಟ್ಟಿತ್ತು. ಹತ್ತು ಲೀಟರ್ ಬಕೆಟ್ ಹಿಡಿದೆವು, ತುಂಬಲು 50 ಸೆಕೆಂಡು ಬೇಕಾಯಿತು. ನೀರು ಕೆಂಪಗಿತ್ತು. ಭಾನುವಾರ ಅದು ತಿಳಿಯಾಗಿತ್ತು ಎಂದು ನೀರುಗಂಟಿ ಹೇಳಿದರು.

ಆ ರಾತ್ರಿಯೇ ಕೂತು ವರದಿ ಬರೆದೆ, ನಾಲ್ಕು ಪುಟವಾಯಿತು. ಮೊದಲ ಪುಟದಲ್ಲಿ ಉಲ್ಲೇಖಗಳು, ಕೆರೆಯ ಚರಿತ್ರೆ, ಅಚ್ಚುಕಟ್ಟಿನ ವಿಸ್ತೀರ್ಣ, ಹಿಂದೆ ಹೂಳೆತ್ತಿದ ವಿವರ, ನಾನು ಎಷ್ಟು ಗಂಟೆಗೆ ಹೊರಟು ಎಷ್ಟು ಗಂಟೆಗೆ ತಲುಪಿದೆ ಎಂಬುದು. ಎರಡನೆಯ ಪುಟದಲ್ಲಿ ಆ ವರ್ಷದ ಮಳೆ, ಕೋಡಿಯ ಕಲ್ಲುಕಟ್ಟಡದ ಸ್ಥಿತಿ, ಏರಿಯ ಮೇಲೆ ಬೆಳೆದ ಜಾಲಿ, ಹೆಗ್ಗಣದ ಬಿಲಗಳು. ಮೂರನೆಯ ಪುಟದ ನಡುವೆ, ಒಂದು ಉದ್ದ ವಾಕ್ಯದ ಹೊಟ್ಟೆಯೊಳಗೆ, ‘ಸದರಿ ಜಿನುಗು ನೀರು ಸ್ವಲ್ಪ ಕೆಂಪು ಬಣ್ಣದಿಂದ ಕೂಡಿರುವುದು ಕಂಡುಬಂದಿದ್ದು’ ಎಂದಿತ್ತು. ನಾಲ್ಕನೆಯ ಪುಟದಲ್ಲಿ ಜಾಲಿ ಕಡಿಸುವುದಕ್ಕೂ ಏರಿ ದುರಸ್ತಿಗೂ ಅಂದಾಜುಪಟ್ಟಿ ತಯಾರಿಸಬೇಕೆಂಬ ಮಾತು. ಕೊನೆಗೆ ‘ಸೂಕ್ತ ಕ್ರಮಕ್ಕಾಗಿ ತಮ್ಮ ಅವಗಾಹನೆಗೆ ಮಂಡಿಸಿದೆ’.

ಮಂಗಳವಾರ ಬೆಳಿಗ್ಗೆ ವರದಿಯನ್ನು ಟಪಾಲಿಗೆ ಕೊಟ್ಟೆ. ಅದಕ್ಕೆ ನಂಬರು ಬಿತ್ತು, ‘ಕೆರೆ ಏರಿ ಪರಿಶೀಲನೆ ಕುರಿತು’ ಎಂಬ ವಿಷಯದ ಕೆಳಗೆ ಅದು ಉಳಿದ ಕಾಗದಗಳ ಜೊತೆ ಸಾಹೇಬರ ಮೇಜಿಗೆ ಹೋಯಿತು. ಅವರು ಮೊದಲ ಪುಟ ನೋಡಿ, ವಾಡಿಕೆಯ ಪರಿಶೀಲನಾ ವರದಿ ಎಂದುಕೊಂಡು ಬದಿಗಿಟ್ಟರು. ನಾನು ಬೇರೆ ಕೆರೆಗೆ ಹೋದೆ, ತಿಳಿಸಬೇಕಾದ್ದನ್ನು ತಿಳಿಸಿದ್ದೇನೆ ಎಂಬ ಸಮಾಧಾನದಲ್ಲಿ.

ಬುಧವಾರ ಹನ್ನೊಂದು ಗಂಟೆಗೆ ನೀರುಗಂಟಿ ಬಸ್ಸು ಹಿಡಿದು ಕಚೇರಿಗೆ ಬಂದರು. ಜವಾನನನ್ನು ದಾಟಿ ನೇರವಾಗಿ ಒಳಗೆ ಹೋಗಿ, ನಿಂತೇ ಹೇಳಿದರು: “ಸ್ವಾಮಿ, ತೂಬು ಎತ್ತಿಸ್ಬೇಕು, ಇವತ್ತೇ. ಏರಿ ಹಿಂದ್ಗಡೆ ಕೆಂಪ್ ನೀರು ಬತ್ತಾ ಐತೆ, ನೆನ್ನೆಗಿಂತ ಜಾಸ್ತಿ ಆಗೈತೆ.” ಸಾಹೇಬರು ಎದ್ದು ಜೀಪು ತರಿಸಿದರು. ಮಧ್ಯಾಹ್ನ ತೂಬು ತೆರೆದಾಗ ನಾನು ಮತ್ತೆ ಬಕೆಟ್ ಹಿಡಿದೆ. ಈಗ ಅದು 30 ಸೆಕೆಂಡಿಗೆ ತುಂಬಿತು. ನಿಮಿಷಕ್ಕೆ 12 ಲೀಟರ್ ಇದ್ದದ್ದು ಎರಡೇ ದಿನದಲ್ಲಿ 20 ಲೀಟರ್ ಆಗಿತ್ತು.

ಏರಿ ಉಳಿಯಿತು. ಅದನ್ನು ಉಳಿಸಿದ್ದು ನೀರುಗಂಟಿಯ ಎರಡು ವಾಕ್ಯ. ನೀರು ಹೆಚ್ಚಿದ್ದೊಂದನ್ನು ಬಿಟ್ಟರೆ ಅವರು ಕಂಡದ್ದೆಲ್ಲ ನನ್ನ ವರದಿಯಲ್ಲೂ ಇತ್ತು, ಅದಕ್ಕಿಂತ ಹೆಚ್ಚೇ ಇತ್ತು. ಆದರೆ ಅವರು ಮೊದಲು ಹೇಳಿದ್ದನ್ನು ನಾನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೆ, ಅದನ್ನೂ ‘ಸೂಕ್ತ ಕ್ರಮ’ ಎಂಬ ಎರಡು ಪದಗಳಲ್ಲಿ ಮುಚ್ಚಿಟ್ಟಿದ್ದೆ.

ಕೆಂಪು ನೀರು ಎಂದರೇನು

ಮಣ್ಣಿನ ಏರಿ ಯಾವುದೇ ಆಗಲಿ, ಅದರಲ್ಲಿ ಒಂದಿಷ್ಟು ನೀರು ಜಿನುಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದು, ಅದರ ಪ್ರಮಾಣ ಹೆಚ್ಚದೆ ಇದ್ದರೆ ಗಮನವಿಟ್ಟರೆ ಸಾಕು. ನೀರು ಕೆಸರಾಗಿ ಬಂತು ಎಂದರೆ ಏರಿಯೊಳಗಿನ ಮಣ್ಣು ಅದರ ಜೊತೆ ಹೊರಗೆ ಬರುತ್ತಿದೆ ಎಂದರ್ಥ. ಹಿಂಬದಿಯ ಬುಡದಿಂದ ಶುರುವಾದ ಸಣ್ಣ ಪೊಳ್ಳು ಕೆರೆಯ ಕಡೆಗೆ ಒಳಗೊಳಗೇ ಬೆಳೆಯುತ್ತದೆ. ಬೆಳೆದಷ್ಟೂ ನೀರು ಬರುವ ದಾರಿ ಚಿಕ್ಕದಾಗುತ್ತದೆ, ಅದರ ವೇಗ ಹೆಚ್ಚುತ್ತದೆ, ಕೊಚ್ಚುವ ಮಣ್ಣೂ ಹೆಚ್ಚುತ್ತದೆ. ಪೊಳ್ಳು ಕೆರೆಯ ನೀರಿಗೆ ತಾಗಿದ ಮೇಲೆ ಏರಿಯನ್ನು ಉಳಿಸುವುದು ಬಹಳ ಕಷ್ಟ.

ಅಮೆರಿಕದ ಐಡಹೊ ರಾಜ್ಯದ ಟೀಟನ್ ಅಣೆಕಟ್ಟೆಯಲ್ಲೂ ಒಳಗಿನ ಮಣ್ಣು ನೀರಿನ ಜೊತೆ ಕೊಚ್ಚಿಹೋಯಿತು. 1976ರ ಜೂನ್ ಮೊದಲ ವಾರ ಅಲ್ಲಿ ಕಂಡ ಜಿನುಗು ತಿಳಿಯಾಗಿತ್ತು. ಜೂನ್ 5ರ ಬೆಳಿಗ್ಗೆ ಏಳೂವರೆಯ ಸುಮಾರಿಗೆ ಕೆಸರು ನೀರು ಕಂಡಿತು. ಮಧ್ಯಾಹ್ನ ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಕಟ್ಟೆ ಒಡೆಯಿತು. ನಡುವೆ ಇದ್ದದ್ದು ನಾಲ್ಕೂವರೆ ಗಂಟೆ ಮಾತ್ರ. ನನ್ನ ಕೆರೆ ಅದರ ಮುಂದೆ ಒಂದು ಬೊಗಸೆ ನೀರು, ಎಲ್ಲ ಏರಿಯೂ ಅಷ್ಟು ಬೇಗ ಒಡೆಯುವುದಿಲ್ಲ. ಆದರೂ ನೀರಿನ ಬಣ್ಣ ತಿರುಗಿದ ಗಳಿಗೆಯಿಂದ ಲೆಕ್ಕ ಗಂಟೆಗಳಲ್ಲಿ ನಡೆಯಬೇಕು. ನನ್ನ ವರದಿಯೋ ಟಪಾಲಿನಲ್ಲಿ, ದಿನಗಳ ಲೆಕ್ಕದಲ್ಲಿ ನಡೆಯಿತು.

ನಾವು ಯಾಕೆ ಹೀಗೆ ಬರೆಯುತ್ತೇವೆ

ಆ ವರದಿಯನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಅದರಲ್ಲಿ ಸುಳ್ಳಿಲ್ಲ, ಸೋಮಾರಿತನವೂ ಇಲ್ಲ. ನಾನು ಕಂಡ ಕ್ರಮದಲ್ಲೇ ಬರೆದಿದ್ದೆ. ಮೊದಲು ಕಡತ ನೋಡಿದ್ದೆ, ಆದ್ದರಿಂದ ಚರಿತ್ರೆ ಮೊದಲು ಬಂತು. ಆಮೇಲೆ ಪ್ರಯಾಣ, ಆಮೇಲೆ ಕೋಡಿ, ಏರಿಯ ಮೇಲಿನ ಜಾಲಿ, ಕೊನೆಗೆ ಹಿಂಬದಿಯ ನೀರು. ಹುಡುಕುವವನಿಗೆ ವಿಷಯ ಸಿಗುವ ಕ್ರಮ ಒಂದು, ನಿರ್ಧಾರ ಮಾಡುವವನಿಗೆ ಅದು ಬೇಕಾಗುವ ಕ್ರಮ ಇನ್ನೊಂದು. ನಾನು ನನ್ನ ಕ್ರಮವನ್ನೇ ಸಾಹೇಬರ ಮೇಲೆ ಹೇರಿದ್ದೆ. ನಾನು ನಡೆದಷ್ಟು ದೂರ ಅವರೂ ನಡೆದು ಬಂದು ಆ ಕೆಂಪು ನೀರನ್ನು ಕಾಣಬೇಕಿತ್ತು.

ಎರಡನೆಯ ಕಾರಣ ನಮ್ಮ ಕಚೇರಿ ಕನ್ನಡದ ರೂಢಿ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಜೊತೆಗೆ ‘ಹೋಗಿ, ನೋಡಿ, ಕೇಳಿ, ಅಳೆದು’ ಎಂದು ಎಷ್ಟು ಕ್ರಿಯೆಗಳನ್ನು ಬೇಕಾದರೂ ಒಂದಕ್ಕೊಂದು ಪೋಣಿಸುತ್ತಾ ಹೋಗಬಹುದು. ಕತೆ ಹೇಳುವಾಗ ಇದು ನಮ್ಮ ನುಡಿಯ ಸೊಗಸು. ಆದರೆ ‘ಸ್ಥಳಕ್ಕೆ ಭೇಟಿ ನೀಡಿ, ಏರಿಯನ್ನು ಪರಿಶೀಲಿಸಿ, ನೀರುಗಂಟಿಯವರನ್ನು ವಿಚಾರಿಸಲಾಗಿ, ಜಿನುಗು ಕಂಡುಬಂದಿದ್ದು, ಸದರಿ ವಿಷಯವನ್ನು’ ಎಂದು ಬೆಳೆದ ವಾಕ್ಯದಲ್ಲಿ, ಮಾಡಬೇಕಾದ್ದೇನು ಎಂಬುದು ಎಂಟನೆಯ ಸಾಲಿನಲ್ಲಿ, ‘ಕೋರಿದೆ’ ಎಂಬ ಪದದ ಪಕ್ಕದಲ್ಲಿ ಸಿಗುತ್ತದೆ. ವರದಿಯ ಕೊನೆಗೆ ತೀರ್ಮಾನ, ಆ ತೀರ್ಮಾನದ ವಾಕ್ಯದ ಕೊನೆಗೆ ಕ್ರಿಯಾಪದ. ಹೀಗೆ ಓದುವವರು ಎರಡು ಸಲ ಕಾಯಬೇಕಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ವರದಿಯ ಕ್ರಮವನ್ನು ತಿರುಗಿಸಿದರೆ ಸಾಲದು, ಮೊದಲ ವಾಕ್ಯವನ್ನು ಗಿಡ್ಡವಾಗಿಯೂ ಬರೆಯಬೇಕು. ಏಳೆಂಟು ಪದಗಳಲ್ಲಿ ಕ್ರಿಯಾಪದ ಬಂದುಬಿಟ್ಟರೆ ಅದು ಕೊನೆಯಲ್ಲಿದ್ದರೂ ತೊಂದರೆಯಿಲ್ಲ. ನೀರುಗಂಟಿಯ ಮೊದಲ ವಾಕ್ಯದಲ್ಲಿ ಇದ್ದದ್ದು ನಾಲ್ಕು ಪದ.

ಮೂರನೆಯ ಕಾರಣ ಭಯ. ‘ತೂಬು ತೆರೆಯಿರಿ’ ಎಂದು ಕಿರಿಯನೊಬ್ಬ ಹಿರಿಯರಿಗೆ ಮೊದಲ ಸಾಲಿನಲ್ಲೇ ಬರೆಯುವುದು ಉದ್ಧಟತನ ಅನ್ನಿಸುತ್ತದೆ. ತೂಬು ತೆರೆದು ಏನಾದರೂ ನಷ್ಟವಾದರೆ ಮಾತು ನನ್ನ ಮೇಲೆ ಬರುತ್ತದೆ. ‘ಸೂಕ್ತ ಕ್ರಮ’ ಎಂದು ಬರೆದವನಿಗೆ ಆ ಅಪಾಯವಿಲ್ಲ, ಯಾಕೆಂದರೆ ಅವನು ಏನನ್ನೂ ಹೇಳಿಲ್ಲ. ಆದರೆ ಸ್ಥಳ ನೋಡಿ ಬಂದವನು ನಾನೊಬ್ಬನೇ. ಕಂಡವನೇ ಹೇಳದಿದ್ದರೆ ಕಾಣದವರು ಊಹಿಸಬೇಕಾಗುತ್ತದೆ.

ಮರುಜೋಡಣೆಯ ಕ್ರಮ

ಉದ್ದವಾಗಿ ಬೆಳೆದ ವರದಿ ಕೈಯಲ್ಲಿದ್ದಾಗ ನಾನು ಮಾಡುವ ಮೊದಲ ಕೆಲಸ, ಅದನ್ನು ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯುವುದು. ಇದನ್ನು ಓದುವವರು ಯಾರು, ಅವರು ಮಾತ್ರ ಮಾಡಬಹುದಾದ ಕೆಲಸ ಯಾವುದು? ನನ್ನ ಕೆರೆಯ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿತ್ತು. ಮರಳಿನ ಚೀಲ ತರಿಸುವುದು ನನ್ನಿಂದಲೇ ಆಗುತ್ತಿತ್ತು. ತೂಬು ತೆರೆಯಲು ಮಾತ್ರ ಸಾಹೇಬರ ಆದೇಶ ಬೇಕಿತ್ತು, ಯಾಕೆಂದರೆ ಕೆಳಗಿನ ಗದ್ದೆಗಳಲ್ಲಿ ಸುಮಾರು 12 ಎಕರೆ ಭತ್ತ ಕೊಯ್ಲಿಗೆ ನಿಂತಿತ್ತು. ತೂಬು ತೆರೆದರೆ ಅದು ನೀರಲ್ಲಿ ನಿಲ್ಲುತ್ತದೆ. ಒಂದು ಕಡೆ ಭತ್ತ, ಇನ್ನೊಂದು ಕಡೆ ಏರಿ. ಈ ತೂಕ ಮಾಡುವುದೇ ಸಾಹೇಬರ ಕೆಲಸ. ನನ್ನ ನಾಲ್ಕು ಪುಟಗಳಲ್ಲಿ ಭತ್ತದ ಸುದ್ದಿಯೇ ಇರಲಿಲ್ಲ. ಪ್ರಶ್ನೆ ಯಾವುದು ಎಂದು ಕೇಳಿಕೊಂಡಿದ್ದರೆ ಅದು ಬಿಟ್ಟುಹೋಗುತ್ತಿರಲಿಲ್ಲ.

ಎರಡನೆಯ ಕೆಲಸ ಪೆನ್ಸಿಲ್ಲಿನದು. ವರದಿಯ ಒಂದೊಂದು ವಾಕ್ಯದ ಪಕ್ಕದಲ್ಲೂ ಒಂದು ಅಕ್ಷರ ಬರೆಯುತ್ತಾ ಹೋಗುತ್ತೇನೆ. ಮಾಡಬೇಕಾದ್ದನ್ನು ಹೇಳುವ ವಾಕ್ಯಕ್ಕೆ ‘ಮಾ’. ಯಾಕೆ ಎಂದು ಹೇಳುವ ತೀರ್ಮಾನಕ್ಕೆ ‘ಯಾ’. ಕಣ್ಣಾರೆ ಕಂಡದ್ದಕ್ಕೆ, ಅಳೆದದ್ದಕ್ಕೆ ‘ಕಂ’. ನಡೆದು ಬಂದ ದಾರಿಗೆ, ಅಂದರೆ ಉಲ್ಲೇಖ, ಚರಿತ್ರೆ, ಪ್ರಯಾಣ ಇತ್ಯಾದಿಗೆ ‘ದಾ’. ಎಷ್ಟೋ ವರ್ಷದ ಮೇಲೆ ನನ್ನ ಆ ವರದಿಗೆ ಹೀಗೆ ಗುರುತು ಹಾಕಿದೆ. 46 ವಾಕ್ಯಗಳಲ್ಲಿ 27 ‘ದಾ’, 13 ‘ಕಂ’, 4 ‘ಯಾ’, 2 ‘ಮಾ’. ಆ ಎರಡು ‘ಮಾ’ಗಳಲ್ಲಿ ಒಂದು ಜಾಲಿ ಕಡಿಸುವುದು, ಇನ್ನೊಂದು ಅಂದಾಜುಪಟ್ಟಿ ತಯಾರಿಸುವುದು. ತೂಬು ತೆರೆಯಬೇಕು ಎಂಬ ವಾಕ್ಯ ನನ್ನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲೇ ಇಲ್ಲ. ಇದು ಅನೇಕ ವರದಿಗಳಲ್ಲಿ ಆಗುವ ತಪ್ಪು. ಬರೆದವರಿಗೆ ತೀರ್ಮಾನ ಎಷ್ಟು ಖಚಿತವಾಗಿ ಗೊತ್ತಿರುತ್ತದೆ ಎಂದರೆ, ಬರೆದಿದ್ದೇವೆ ಎಂದೇ ಅವರು ನಂಬಿರುತ್ತಾರೆ. ಆದ್ದರಿಂದ ಇರುವ ವಾಕ್ಯಗಳನ್ನು ಮೇಲಕ್ಕೆ ಕೆಳಕ್ಕೆ ಸರಿಸಿದರೆ ಮರುಜೋಡಣೆ ಆಗುವುದಿಲ್ಲ. ಎಷ್ಟೋ ಸಲ ಮುಖ್ಯ ವಾಕ್ಯವನ್ನು ಹೊಸದಾಗಿಯೇ ಬರೆಯಬೇಕಾಗುತ್ತದೆ.

ಮೂರನೆಯ ಕೆಲಸ ಜೋಡಣೆ. ‘ಮಾ’ ಮೊದಲು, ‘ಯಾ’ ಅದರ ಬೆನ್ನಿಗೆ, ಆಮೇಲೆ ‘ಕಂ’. ‘ದಾ’ ಎಲ್ಲ ಅನುಬಂಧಕ್ಕೆ. ‘ಕಂ’ ವಾಕ್ಯಗಳಲ್ಲೂ ಎಲ್ಲವೂ ಮುಂದಕ್ಕೆ ಬರುವುದಿಲ್ಲ. ಈ ‘ಯಾ’ಗೆ ಇದು ಆಧಾರವೇ ಎಂದು ಒಂದೊಂದನ್ನೂ ಕೇಳಬೇಕು. ನೀರಿನ ಬಣ್ಣ, ಬಕೆಟ್ಟಿನ ಲೆಕ್ಕ, ಮಣ್ಣಿನ ದಿಬ್ಬ, ಭಾನುವಾರ ತಿಳಿಯಾಗಿತ್ತು ಎಂಬ ನೀರುಗಂಟಿಯ ಮಾತು, ಇವು ಆಧಾರ. ಜಾಲಿಯೂ ಕೋಡಿಯ ಬಿರುಕೂ ನಿಜವೇ ಆದರೂ ಬೇರೆ ವಿಷಯ. ಅವಕ್ಕೆ ಬೇರೆ ಕಾಗದ ಬರೆಯಬೇಕು. ಒಂದೇ ಕಾಗದದಲ್ಲಿ ಇಂದಿನ ಅಪಾಯವನ್ನೂ ಮುಂದಿನ ವರ್ಷದ ದುರಸ್ತಿಯನ್ನೂ ಕಟ್ಟಿದರೆ, ಓದುವವರು ಎರಡನ್ನೂ ಮುಂದಿನ ವರ್ಷಕ್ಕೆ ಇಡುತ್ತಾರೆ.

ಕೊನೆಯದು ವಿಷಯದ ಸಾಲು. ನಮ್ಮ ಕಾಗದಗಳಲ್ಲಿ ಎಲ್ಲರೂ ಓದುವ ಸಾಲು ಅದೊಂದೇ, ನಾವು ಏನನ್ನೂ ಹೇಳದೆ ಬಿಡುವ ಸಾಲೂ ಅದೇ. ‘ಕುರಿತು’ ಎಂದು ಮುಗಿಯುವ ವಿಷಯ ಕಡತದ ಹೆಸರನ್ನು ಮಾತ್ರ ತಿಳಿಸುತ್ತದೆ. ಸುದ್ದಿ ಏನು, ಕೇಳುತ್ತಿರುವುದು ಏನು ಎಂಬುದು ಅಲ್ಲೇ ಇರಲಿ.

ಹೊಸ ವರದಿ

ಸೋಮವಾರ ರಾತ್ರಿ ನನಗೆ ಗೊತ್ತಿದ್ದಷ್ಟನ್ನೇ ಇಟ್ಟುಕೊಂಡು, ಮಂಗಳವಾರ ಬೆಳಿಗ್ಗೆಯ ತಾರೀಖಿಗೆ ನಾನು ಬರೆಯಬೇಕಾಗಿದ್ದ ವರದಿ ಇದು.

> ವಿಷಯ: ಕೆರೆ ಏರಿಯ ಹಿಂಬದಿ ಕೆಸರು ನೀರು, ಇಂದೇ ತೂಬು ತೆರೆಯಲು ಆದೇಶ ಕೋರಿಕೆ.
>
> ಇಂದು ಮಧ್ಯಾಹ್ನದೊಳಗೆ ಕೆರೆಯ ತೂಬು ತೆರೆಯಲು ಆದೇಶ ನೀಡಬೇಕು. ಏರಿಯ ಹಿಂಬದಿಯ ಬುಡದಲ್ಲಿ ನಿನ್ನೆಯಿಂದ ಕೆಸರು ನೀರು ಉಕ್ಕುತ್ತಿದೆ. ಏರಿಯೊಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂಬುದು ನನ್ನ ತೀರ್ಮಾನ. ತಡೆಯದಿದ್ದರೆ ಏರಿ ಒಡೆಯಬಹುದು. ಕೆಳಗೆ ಒಂದೂವರೆ ಕಿಲೋಮೀಟರ್ ದೂರದಲ್ಲಿ ಸುಮಾರು 60 ಮನೆಗಳಿವೆ. ತೂಬು ತೆರೆದರೆ ಕೊಯ್ಲಿಗೆ ಬಂದ ಸುಮಾರು 12 ಎಕರೆ ಭತ್ತ ನೀರಲ್ಲಿ ನಿಲ್ಲುತ್ತದೆ. ಆದ್ದರಿಂದ ತಮ್ಮ ಆದೇಶ ಬೇಕಾಗಿದೆ.
>
> ನೀರನ್ನು ದಿನಕ್ಕೆ ಒಂದು ಅಡಿಯಂತೆ ಇಳಿಸಲು ಸಲಹೆ. ಒಮ್ಮೆಲೇ ಇಳಿಸಿದರೆ ಏರಿಯ ಒಳಮೈ ಕುಸಿಯುವ ಭಯವಿದೆ. ನೀರು ಉಕ್ಕುವ ಜಾಗದ ಮೇಲೆ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡುವ ಕೆಲಸವನ್ನು ನಾನು ಈ ಬೆಳಿಗ್ಗೆಯೇ ಆರಂಭಿಸುತ್ತಿದ್ದೇನೆ. ಹಗಲಿರುಳು ಕಾವಲಿಗೆ ನೀರುಗಂಟಿಯವರೂ ಇಬ್ಬರು ಕೂಲಿಯವರೂ ಇರುತ್ತಾರೆ. ಕೆಳಗಿನ ಮನೆಗಳವರಿಗೆ ಎಚ್ಚರಿಕೆ ಕೊಡಲು ತಹಸೀಲ್ದಾರರಿಗೆ ತಾವು ತಿಳಿಸಬೇಕು.
>
> ಕಂಡದ್ದು: ನಿನ್ನೆ ಸಂಜೆ 10 ಲೀಟರ್ ಬಕೆಟ್ 50 ಸೆಕೆಂಡಿಗೆ ತುಂಬಿತು. ನೀರು ಕೆಂಪಗಿತ್ತು. ಸುತ್ತ ಹೊಸ ಮಣ್ಣಿನ ದಿಬ್ಬ ಕಟ್ಟಿದೆ. ಭಾನುವಾರ ನೀರು ತಿಳಿಯಾಗಿತ್ತು ಎಂದು ನೀರುಗಂಟಿಯವರು ಹೇಳುತ್ತಾರೆ. ಅದನ್ನು ನಾನು ಕಂಡಿಲ್ಲ. ಕೆರೆಯ ನೀರು ಕೋಡಿಗಿಂತ ಒಂದು ಅಡಿ ಕೆಳಗಿದೆ.
>
> ತಿಳಿಯದ್ದು: ಪೊಳ್ಳು ಏರಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಹೊರಗಿನಿಂದ ಹೇಳಲಾಗದು.

ಇಷ್ಟೇ, ಒಂದು ಪುಟ ತುಂಬುವುದಿಲ್ಲ. ಈ ಕಾಗದವನ್ನು ಟಪಾಲಿಗೆ ಕೊಡಬಾರದು, ಕೈಯಲ್ಲಿ ಹಿಡಿದು ಹೋಗಿ ಬಾಯಲ್ಲಿ ಹೇಳಿ ಕೊಡಬೇಕು ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಇದರಲ್ಲಿ ಮರಳು, ಜಲ್ಲಿಯ ಸಾಲು ಒಂದೇ ಇದ್ದರೂ ಅದರ ಹಿಂದೆ ದೊಡ್ಡ ವಿಷಯವಿದೆ. ನೀರು ಉಕ್ಕುವ ಬಾಯಿಗೆ ಜೇಡಿ ಮಣ್ಣು ಮೆತ್ತಿ ಮುಚ್ಚಬೇಕು ಎಂದೇ ಎಲ್ಲರಿಗೂ ಮೊದಲು ತೋಚುತ್ತದೆ. ಮುಚ್ಚಿದರೆ ನೀರು ಒಳಗೆ ಒತ್ತಡ ಕಟ್ಟಿಕೊಂಡು ಪಕ್ಕದಲ್ಲಿ ಇನ್ನೊಂದು ಬಾಯಿ ಮಾಡಿಕೊಳ್ಳುತ್ತದೆ. ಮರಳು ಮತ್ತು ಜಲ್ಲಿಯ ಪದರ ನೀರನ್ನು ಬಿಡುತ್ತದೆ, ಮಣ್ಣನ್ನು ಹಿಡಿಯುತ್ತದೆ. ಹೊರಬರುವ ನೀರು ಮತ್ತೆ ತಿಳಿಯಾದರೆ ಪದರ ಕೆಲಸ ಮಾಡುತ್ತಿದೆ ಎಂದರ್ಥ. ಈ ವಿವರಣೆ ನನಗೆ ಬಹಳ ಇಷ್ಟವಾದದ್ದು. ಆದರೂ ವರದಿಯಲ್ಲಿ ಅದಕ್ಕೆ ಜಾಗವಿಲ್ಲ. ಸಾಹೇಬರು ಅದನ್ನು ಬಲ್ಲವರು, ಅವರ ನಿರ್ಧಾರಕ್ಕೂ ಅದು ಬೇಕಿಲ್ಲ. ನಮಗೆ ಪ್ರಿಯವಾದದ್ದನ್ನು ಹೊರಗಿಡುವುದು ಈ ಕೆಲಸದ ಅತಿ ಕಷ್ಟದ ಭಾಗ.

ಎಲ್ಲಿ ತಪ್ಪುತ್ತದೆ

ತೀರ್ಮಾನವನ್ನು ಮೇಲಕ್ಕೆ ತಂದ ವರದಿಗಳೂ ಕೆಡುವುದುಂಟು. ಒಂದು ಬಗೆಯದರಲ್ಲಿ ಮೊದಲ ವಾಕ್ಯ ಮೇಲೆ ಬಂದಿರುತ್ತದೆ, ಆದರೆ ಅದರೊಳಗೆ ಏನೂ ಇರುವುದಿಲ್ಲ. ‘ಏರಿಯ ಸುರಕ್ಷತೆಗೆ ತುರ್ತು ಕ್ರಮ ಕೈಗೊಳ್ಳುವುದು ಅಗತ್ಯ’ ಎಂಬ ವಾಕ್ಯವನ್ನು ನೋಡಿ. ಯಾರು, ಏನನ್ನು, ಯಾವಾಗಿನೊಳಗೆ ಎಂಬ ಮೂರೂ ಇಲ್ಲ. ಇದಕ್ಕೆ ನಾನು ಬಳಸುವ ಪರೀಕ್ಷೆ ಸರಳವಾದದ್ದು. ಮೊದಲ ವಾಕ್ಯದ ಕೆಳಗೆ ಸಾಹೇಬರು ‘ಆಗಬಹುದು’ ಎಂದು ಷರಾ ಬರೆದು ಸಹಿ ಹಾಕಿದರೆ, ಆ ಸಹಿಯಿಂದ ಕೆಲಸ ಶುರುವಾಗುತ್ತದೆಯೇ? ‘ಇಂದು ಮಧ್ಯಾಹ್ನದೊಳಗೆ ತೂಬು ತೆರೆಯಬೇಕು’ ಎಂಬುದರ ಕೆಳಗೆ ‘ಆಗಬಹುದು’ ಎಂದರೆ ನೀರುಗಂಟಿ ತೂಬಿಗೆ ಹೋಗುತ್ತಾರೆ. ‘ತುರ್ತು ಕ್ರಮ ಅಗತ್ಯ’ ಎಂಬುದರ ಕೆಳಗೆ ‘ಆಗಬಹುದು’ ಎಂದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ.

ಇನ್ನೊಂದು ಬಗೆಯದು ಇದಕ್ಕೆ ತಿರುಗು. ವಾಕ್ಯ ಮೇಲಕ್ಕೆ ಬರುವಾಗ ಗಟ್ಟಿಯಾಗಿಬಿಡುತ್ತದೆ. ಕೆಳಗೆ ‘ಒಡೆಯಬಹುದು’ ಎಂದಿದ್ದದ್ದು ಮೇಲೆ ‘ಒಡೆಯುತ್ತದೆ’ ಆಗುತ್ತದೆ. ಗಮನ ಸೆಳೆಯುವ ಆಸೆಯಿಂದ ಹೀಗಾಗುತ್ತದೆ. ಆದರೆ ಒಂದು ಸಲ ಹಾಗೆ ಬರೆದು ಏರಿ ಒಡೆಯದೆ ಉಳಿದರೆ, ಮುಂದಿನ ಸಲ ನಿಮ್ಮ ಮೊದಲ ವಾಕ್ಯವನ್ನು ಯಾರೂ ನಂಬುವುದಿಲ್ಲ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು, ತೀರ್ಮಾನವನ್ನು ತೀರ್ಮಾನವೆಂದು ಬರೆಯಬೇಕು. ಖಚಿತವಿಲ್ಲದಿದ್ದರೂ ಮಾಡಬೇಕಾದ್ದು ಖಚಿತವಾಗಿರಬಹುದು. ಪೊಳ್ಳು ಎಷ್ಟು ದೂರ ಹೋಗಿದೆ ಎಂದು ತಿಳಿಯದು, ತಿಳಿಯದ ಕಾರಣಕ್ಕೇ ತೂಬು ತೆರೆಯಬೇಕು.

ಏನೂ ಮಾಡಬೇಕಾಗಿಲ್ಲ ಎಂಬುದೂ ಒಂದು ತೀರ್ಮಾನವೇ. ‘ಈ ವರ್ಷ ಈ ಕೆರೆಯ ಹೂಳೆತ್ತುವ ಅಗತ್ಯವಿಲ್ಲ’ ಎಂದು ಮೊದಲ ಸಾಲಿನಲ್ಲಿ ಬರೆಯಲು ನಮಗೆ ಸಂಕೋಚ. ಅಷ್ಟು ಕೆಲಸ ಮಾಡಿ ಇಷ್ಟೇನಾ ಅನ್ನಿಸುತ್ತದೆ. ಓದುವವರಿಗೆ ಅದಕ್ಕಿಂತ ಉಪಕಾರದ ವಾಕ್ಯ ಇನ್ನೊಂದಿಲ್ಲ.

ಎರಡು ಜ್ಞಾಪನ, ಒಂದು ಅವಘಡ

ಮಾಡಬೇಕಾದ್ದು ವರದಿಯ ಕೊನೆಗೆ ಉಳಿದರೆ ಏನಾಗುತ್ತದೆ ಎಂಬುದರ ದೊಡ್ಡ ಉದಾಹರಣೆ ಅಮೆರಿಕದ ಪರಮಾಣು ಸ್ಥಾವರಗಳ ಚರಿತ್ರೆಯಲ್ಲಿದೆ. 1977ರ ಸೆಪ್ಟೆಂಬರ್ 24ರಂದು ಒಹಾಯೊ ರಾಜ್ಯದ ಡೇವಿಸ್–ಬೆಸ್ಸಿ ಸ್ಥಾವರದಲ್ಲಿ ಒಂದು ಒತ್ತಡ ಕವಾಟ ತೆರೆದುಕೊಂಡು ಹಾಗೇ ನಿಂತಿತು. ತಂಪುಗೊಳಿಸುವ ನೀರು ಸೋರಿಹೋಗುತ್ತಿದ್ದರೂ ಮಾಪಕ ನೀರು ತುಂಬಿದೆ ಎಂದೇ ತೋರಿಸುತ್ತಿತ್ತು. ಅದನ್ನು ನಂಬಿದ ನಿರ್ವಾಹಕರು ತುರ್ತು ನೀರನ್ನು ನಿಲ್ಲಿಸಿದರು. ರಿಯಾಕ್ಟರ್ ಬಹಳ ಕಡಿಮೆ ಶಕ್ತಿಯಲ್ಲಿ ನಡೆಯುತ್ತಿದ್ದದ್ದರಿಂದ ಹಾನಿಯಾಗಲಿಲ್ಲ.

ರಿಯಾಕ್ಟರ್ ತಯಾರಿಸಿದ ಬ್ಯಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಂಪನಿಯ ಎಂಜಿನಿಯರ್ ಜೋಸೆಫ್ ಕೆಲ್ಲಿ ಇದನ್ನು ಗಮನಿಸಿ 1977ರ ನವೆಂಬರ್ 1ರಂದು ಹಲವು ಅಧಿಕಾರಿಗಳಿಗೆ ಒಂದು ಜ್ಞಾಪನ ಬರೆದರು. ಗ್ರಾಹಕರಿಗೆ ನಾವು ಸಾಕಷ್ಟು ಸೂಚನೆ ಕೊಡುತ್ತಿಲ್ಲವೇನೋ ಎಂಬ ಅನುಮಾನದ ಮಾತಿನಿಂದ ಅದು ಶುರುವಾಗುತ್ತದೆ. ಆಮೇಲೆ ಘಟನೆಗಳ ವಿವರಣೆ. ತುರ್ತು ನೀರನ್ನು ಯಾವಾಗ ನಿಲ್ಲಿಸಬಾರದು ಎಂಬ ಸಲಹೆ ಬರುವುದು ಕೊನೆಗೆ. ಅದರಿಂದ ಕೆಲಸವಾಗಲಿಲ್ಲ. 1978ರ ಫೆಬ್ರವರಿಯಲ್ಲಿ ಬರ್ಟ್ ಡನ್ ಎಂಬ ಇನ್ನೊಬ್ಬ ಎಂಜಿನಿಯರ್ ಹೆಚ್ಚು ಗಟ್ಟಿಯಾದ ಮಾತಿನಲ್ಲಿ ಬರೆದರು. ರಿಯಾಕ್ಟರ್ ಹೆಚ್ಚಿನ ಶಕ್ತಿಯಲ್ಲಿ ನಡೆಯುತ್ತಿದ್ದರೆ ಇಂಧನಕ್ಕೆ ಹಾನಿಯಾಗಬಹುದಿತ್ತು ಎಂಬುದು ಅದರ ಸಾರ. ಆದರೂ ಹೊಸ ಸೂಚನೆ ಸ್ಥಾವರಗಳಿಗೆ ಹೋಗಲಿಲ್ಲ. 1979ರ ಮಾರ್ಚ್ 28ರ ಬೆಳಗಿನ ಜಾವ ಪೆನ್ಸಿಲ್ವೇನಿಯದ ಥ್ರೀ ಮೈಲ್ ಐಲೆಂಡ್‌ನಲ್ಲಿ ಅದೇ ಬಗೆಯ ಕವಾಟ ತೆರೆದು ನಿಂತಿತು. ನಿರ್ವಾಹಕರು ತುರ್ತು ನೀರನ್ನು ತಗ್ಗಿಸಿದರು. ರಿಯಾಕ್ಟರಿನ ಒಡಲು ಭಾಗಶಃ ಕರಗಿತು.

ಇದರಿಂದ ಎರಡು ಮಾತು ಕಲಿಯಬೇಕು. ಕೆಲ್ಲಿಯವರ ಜ್ಞಾಪನದಲ್ಲಿ ಸರಿಯಾದ ಸಲಹೆ ಇತ್ತು, ಆದರೆ ಅನುಮಾನದ ಹಿಂದೆ, ವಿವರಣೆಯ ಕೊನೆಗೆ ಇತ್ತು. ಡನ್ ಅವರದು ಗಟ್ಟಿಯಾಗಿಯೇ ಇತ್ತು, ಅದೂ ಸಾಲಲಿಲ್ಲ. ಅಂದರೆ ಕ್ರಮ ಸರಿಯಾದರೆ ಎಲ್ಲವೂ ಸರಿಯಾಗುತ್ತದೆ ಎಂದು ನಾನು ಹೇಳಲಾರೆ. ಉತ್ತರ ಯಾರಿಂದ, ಯಾವ ದಿನದೊಳಗೆ ಬರಬೇಕು ಎಂದು ಬರೆದು, ಬರದಿದ್ದರೆ ಮತ್ತೆ ಹೋಗಿ ಕೇಳುವವರೂ ಬೇಕು. ಆದರೆ ಮೊದಲ ಸಾಲಿನಲ್ಲಿ ಒಂದು ಸ್ಪಷ್ಟ ಕೋರಿಕೆ ಇದ್ದರೆ, ಅದಕ್ಕೆ ಉತ್ತರ ಬಂದಿಲ್ಲ ಎಂಬುದಾದರೂ ಎಲ್ಲರಿಗೂ ಕಾಣುತ್ತದೆ. ‘ಸೂಕ್ತ ಕ್ರಮ’ ಕೇಳಿದವನಿಗೆ ತನ್ನ ಕೋರಿಕೆ ಈಡೇರಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಎಲ್ಲಿ ಈ ಕ್ರಮ ಬೇಡ

ಎಲ್ಲ ಬರಹಕ್ಕೂ ಇದು ಹೊಂದುವುದಿಲ್ಲ. ತಪ್ಪು ಯಾರದು ಎಂದು ತೂಗಿ ನೋಡಬೇಕಾದ ವಿಚಾರಣೆಯಲ್ಲಿ, ಓದುವವರು ಸಾಕ್ಷ್ಯವನ್ನು ತಾವೇ ಮೊದಲು ಅಳೆಯಬೇಕು. ಹೆಸರನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಆಮೇಲೆ ಓದುವ ಎಲ್ಲವೂ ಆ ಹೆಸರಿನ ನೆರಳಿನಲ್ಲಿ ಕಾಣುತ್ತದೆ. ಒಂದು ಮನೆಗೆ ಸಾವಿನ ಸುದ್ದಿ ತಿಳಿಸುವ ಪತ್ರವನ್ನೂ ಹೀಗೆ ಬರೆಯುವುದಿಲ್ಲ. ಕತೆಗೆ, ಪ್ರಬಂಧಕ್ಕೆ ಬೇರೆಯದೇ ದಾರಿ ಇದೆ. ನಾನು ಹೇಳುತ್ತಿರುವುದು, ಓದಿದ ಮೇಲೆ ಒಬ್ಬರು ಏನನ್ನಾದರೂ ಮಾಡಬೇಕಾದ ಅಥವಾ ಬಿಡಬೇಕಾದ ಕಾಗದಗಳ ಬಗ್ಗೆ ಮಾತ್ರ.

ಅಂಥ ಕಾಗದ ನಿಮ್ಮ ಕೈಯಲ್ಲಿದ್ದರೆ, ಕಳಿಸುವ ಮೊದಲು ಮೊದಲ ಎರಡು ವಾಕ್ಯಗಳನ್ನು ಬಿಟ್ಟು ಉಳಿದದ್ದನ್ನು ಕೈಯಿಂದ ಮುಚ್ಚಿ. ಆ ಎರಡನ್ನು ಗಟ್ಟಿಯಾಗಿ, ಎದುರಿಗೆ ಅಧಿಕಾರಿ ಕೂತಿದ್ದಾರೆ ಎಂದುಕೊಂಡು ಓದಿ. ಬಸ್ಸು ಹಿಡಿದು ಬಂದು, ನಿಂತೇ ಹೇಳುವುದಾದರೆ ನೀವು ಅದನ್ನೇ ಹೇಳುತ್ತಿದ್ದಿರಾ? ಅಲ್ಲವಾದರೆ, ನಿಂತು ಏನು ಹೇಳುತ್ತಿದ್ದಿರೋ ಅದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಆ ಬುಧವಾರ ಕಚೇರಿಗೆ ಬಂದ ನೀರುಗಂಟಿಗೆ ಓದು ಬರಹ ಬರುತ್ತಿರಲಿಲ್ಲ. ವರದಿಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ.